ಬಿಪಿ ಒಂದೇ, ಶಾಕ್ ನಾಲ್ಕು ಬಗೆ

ದೇಹದ ಜೀವಕೋಶಗಳಿಗೆ ಬೇಕಾದಷ್ಟು ರಕ್ತ ಮತ್ತು ಆಮ್ಲಜನಕ ತಲುಪದೆ ಹೋಗುವ ಸ್ಥಿತಿಯೇ ಶಾಕ್. ಬಿಪಿ ಬೀಳುವುದು ಅದರ ಒಂದು ಲಕ್ಷಣ ಮಾತ್ರ, ಅದೂ ಹಲವು ಸಲ ತಡವಾಗಿ ಬರುವ ಲಕ್ಷಣ. ಹೊಲಕ್ಕೆ ನೀರು ಹರಿಯದಿದ್ದರೆ ಬಾವಿಯಲ್ಲಿ ನೀರು ಕಡಿಮೆಯಾಗಿರಬಹುದು, ಪಂಪ್ ಕೆಟ್ಟಿರಬಹುದು, ಪೈಪು ಸಡಿಲಗೊಂಡಿರಬಹುದು ಅಥವಾ ಎಲ್ಲೋ ಏನೋ ಅಡ್ಡ ಸಿಕ್ಕಿರಬಹುದು. ಶಾಕಿನ ನಾಲ್ಕು ಬಗೆಗಳೂ ಹೀಗೆಯೇ: ರಕ್ತ ಅಥವಾ ದ್ರವ ಕಳೆದು ಬರುವ ಹೈಪೋವೊಲೆಮಿಕ್, ಹೃದಯ ಸೋತು ಬರುವ ಕಾರ್ಡಿಯೋಜೆನಿಕ್, ರಕ್ತನಾಳಗಳು ಹಿಗ್ಗಿ ಬರುವ ಡಿಸ್ಟ್ರಿಬ್ಯೂಟಿವ್, ಹರಿವಿಗೆ ತಡೆಯಾಗಿ ಬರುವ ಅಬ್‌ಸ್ಟ್ರಕ್ಟಿವ್. ಒಂದಕ್ಕೆ ಜೀವ ಉಳಿಸುವ ಸಲೈನ್ ಇನ್ನೊಂದರಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿಸುತ್ತದೆ. ನರ್ಸಿಂಗ್ ವಿದ್ಯಾರ್ಥಿಗಳು ಈ ನಾಲ್ಕನ್ನೂ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸಿ ಕಲಿಯುವುದು ಇದಕ್ಕಾಗಿಯೇ.

ಪಟ್ಟಿಯ ಮುಖ್ಯ ಅಂಕಣಗಳು ಮೂರು. ಹೃದಯ ಒಂದು ನಿಮಿಷಕ್ಕೆ ಹೊರದೂಡುವ ರಕ್ತ (ಆರೋಗ್ಯವಂತರಲ್ಲಿ ಸುಮಾರು 5 ಲೀಟರ್), ರಕ್ತನಾಳಗಳು ಆ ಹರಿವಿಗೆ ಒಡ್ಡುವ ಪ್ರತಿರೋಧ, ಹೃದಯಕ್ಕೆ ಮರಳಿ ಬರುವ ರಕ್ತದ ಒತ್ತಡ. ಇವನ್ನು ಅಳೆಯುವ ಉಪಕರಣ ಎಲ್ಲ ವಾರ್ಡುಗಳಲ್ಲೂ ಇರುವುದಿಲ್ಲ. ಆದರೆ ನರ್ಸ್‌ನ ಕೈ ಮತ್ತು ಕಣ್ಣಿಗೆ ಸುಳಿವು ಸಿಗುತ್ತದೆ. ಕೈಕಾಲು ತಣ್ಣಗಿದ್ದು ಬೆವರಿನಿಂದ ಒದ್ದೆಯಾಗಿದ್ದರೆ ರಕ್ತನಾಳಗಳು ಬಿಗಿದುಕೊಂಡಿವೆ, ಅಂದರೆ ಪ್ರತಿರೋಧ ಹೆಚ್ಚಿದೆ. ಬೆಚ್ಚಗಿದ್ದರೆ ಅವು ಹಿಗ್ಗಿವೆ. ಕುತ್ತಿಗೆಯ ಪಕ್ಕದ ರಕ್ತನಾಳ ಉಬ್ಬಿದ್ದರೆ ರಕ್ತ ಹೃದಯದ ಬಾಗಿಲಲ್ಲೇ ನಿಂತಿದೆ. ಮಲಗಿಸಿದಾಗಲೂ ಅದು ಕಾಣದಷ್ಟು ಚಪ್ಪಟೆಯಾಗಿದ್ದರೆ ಹೃದಯಕ್ಕೆ ಬರಬೇಕಾದ ರಕ್ತವೇ ಕಡಿಮೆಯಾಗಿದೆ.

ಹೈಪೋವೊಲೆಮಿಕ್ ಶಾಕ್ ಹೇಗೆ ಕಣ್ತಪ್ಪಿಸುತ್ತದೆ ಎಂಬುದಕ್ಕೆ ಹೆರಿಗೆ ವಾರ್ಡಿನ ಸಂದರ್ಭವನ್ನು ನೋಡಬಹುದು. ಹೆರಿಗೆಯಾಗಿ ಅರ್ಧ ಗಂಟೆಯಾದ ಬಾಣಂತಿಯೊಬ್ಬರ ನಾಡಿ 118, ಬಿಪಿ 104/82 ಎಂದುಕೊಳ್ಳೋಣ. ಬಿಪಿಯೊಂದನ್ನೇ ನೋಡಿದವರು ಪರವಾಗಿಲ್ಲ ಎಂದುಕೊಳ್ಳಬಹುದು. ಆದರೆ ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿದರೆ 1.13 ಬರುತ್ತದೆ. ಶಾಕ್ ಇಂಡೆಕ್ಸ್ ಎನ್ನುವ ಈ ಲೆಕ್ಕ ಬಾಣಂತಿಯರಲ್ಲಿ 0.9 ಮುಟ್ಟಿದರೇ ಎಚ್ಚರವಾಗಬೇಕು. ಮೇಲಿನ ಮತ್ತು ಕೆಳಗಿನ ಬಿಪಿಯ ಅಂತರವೂ ಬರೀ 22. ಕಳೆದ ರಕ್ತವನ್ನು ಸರಿದೂಗಿಸಲು ನಾಳಗಳು ಬಿಗಿದುಕೊಂಡು ಕೆಳಗಿನ ಅಂಕಿಯನ್ನು ಎತ್ತಿ ಹಿಡಿದಿರುವುದರಿಂದ ಹೀಗಾಗಿದೆ. ವಯಸ್ಕರಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತ ಹೋಗುವವರೆಗೂ ಮೇಲಿನ ಬಿಪಿ ಹೀಗೆ ನಿಂತಿರಬಲ್ಲದು. ಹೊದಿಕೆ ಸರಿಸಿ ನೋಡಿದರೆ ಪ್ಯಾಡ್ ನೆನೆದಿರುತ್ತದೆ. ಒದ್ದೆ ಪ್ಯಾಡಿನ ತೂಕದಿಂದ ಒಣ ಪ್ಯಾಡಿನ ತೂಕ ಕಳೆದರೆ ಉಳಿಯುವ ಪ್ರತಿ ಗ್ರಾಂ ಹೆಚ್ಚುಕಡಿಮೆ ಒಂದು ಮಿಲಿಲೀಟರ್ ರಕ್ತ. ಕಣ್ಣಂದಾಜು ಬಹುತೇಕ ಕಡಿಮೆಯೇ ಹೇಳುತ್ತದೆ.

ಇಲ್ಲಿ ಮೊದಲ ಕೆಲಸ ಸೋರಿಕೆ ನಿಲ್ಲಿಸುವುದು. ಸಹಾಯಕ್ಕೆ ಕೂಗಿ ಕರೆದು, ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ಅದು ಗಟ್ಟಿಯಾಗುವವರೆಗೆ ತಿಕ್ಕಬೇಕು. ಮೂತ್ರಕೋಶ ಖಾಲಿ ಮಾಡಿಸಬೇಕು, ಏಕೆಂದರೆ ಅದು ತುಂಬಿದ್ದರೆ ಗರ್ಭಕೋಶ ಬಿಗಿಯಾಗುವುದಿಲ್ಲ. ಜೊತೆಗೇ ಇನ್ನೊಬ್ಬರು ದಪ್ಪ ಸೂಜಿಯ ಎರಡು ಕ್ಯಾನುಲಾ ಹಾಕಿ, ರಕ್ತದ ಗುಂಪು ಮತ್ತು ಕ್ರಾಸ್‌ಮ್ಯಾಚಿಗೆ ಮಾದರಿ ತೆಗೆದು, ಬೆಚ್ಚಗಿನ ಸಲೈನ್ ಹರಿಸಲು ಶುರು ಮಾಡುತ್ತಾರೆ. ವೈದ್ಯರ ಆದೇಶದಂತೆ ಆಕ್ಸಿಟೋಸಿನ್ ಹಾಗೂ ಹೆರಿಗೆಯಾದ 3 ಗಂಟೆಯೊಳಗೆ 1 ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್ ಸೇರುತ್ತವೆ. ಆಮ್ಲಜನಕ ಕೊಡುವುದು, ಕಂಬಳಿ ಹೊದಿಸುವುದು ಜೊತೆಜೊತೆಗೇ ನಡೆಯಬೇಕು. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ.

ಕಾರ್ಡಿಯೋಜೆನಿಕ್ ಶಾಕಿನಲ್ಲೂ ಕೈ ತಣ್ಣಗೆ, ನಾಡಿ ಕ್ಷೀಣ. ವ್ಯತ್ಯಾಸ ಇರುವುದು ಕುತ್ತಿಗೆ ಮತ್ತು ಎದೆಯಲ್ಲಿ. ಹೃದಯಾಘಾತದಲ್ಲಿ ಸ್ನಾಯು ಸತ್ತು ಪಂಪ್ ದುರ್ಬಲವಾದಾಗ ರಕ್ತ ಹಿಂದೆ ನಿಲ್ಲುತ್ತದೆ. ಕುತ್ತಿಗೆಯ ನಾಳ ಉಬ್ಬುತ್ತದೆ, ಸ್ಟೆತಸ್ಕೋಪಿನಲ್ಲಿ ಶ್ವಾಸಕೋಶದ ತಳದಿಂದ ಚರಚರ ಸದ್ದು ಕೇಳುತ್ತದೆ, ರೋಗಿಗೆ ಅಂಗಾತ ಮಲಗಲಾಗುವುದಿಲ್ಲ. ಬಿಪಿ ಕಡಿಮೆ ಎಂದು ಕಾಲು ಎತ್ತಿಸಿ ಡ್ರಿಪ್ ಬಿಡುವ ಅಭ್ಯಾಸ ಇಲ್ಲಿ ಅಪಾಯಕಾರಿ. ತಲೆಯ ಕಡೆ ಎತ್ತರಿಸಿ ಕೂರಿಸಬೇಕು, ಆಮ್ಲಜನಕದ ಮಟ್ಟ ತಗ್ಗಿದ್ದರೆ ಮಾಸ್ಕ್ ಹಾಕಬೇಕು, 10 ನಿಮಿಷದೊಳಗೆ ಇಸಿಜಿ ತೆಗೆದು ಮಾನಿಟರ್ ಜೋಡಿಸಬೇಕು. ಕ್ಯಾನುಲಾ ಬೇಕು, ಆದರೆ ಸಲೈನ್ ವೈದ್ಯರು ಹೇಳಿದಷ್ಟೇ.

ಡಿಸ್ಟ್ರಿಬ್ಯೂಟಿವ್ ಗುಂಪಿನಲ್ಲಿ ಹೆಚ್ಚು ಕಾಣುವುದು ಸೋಂಕಿನಿಂದ ಬರುವ ಸೆಪ್ಟಿಕ್ ಶಾಕ್. ಇಬ್ಬರು ರೋಗಿಗಳ ಬಿಪಿ 88/64 ಮತ್ತು 88/40 ಎಂದಿಟ್ಟುಕೊಂಡರೆ ಮೇಲಿನ ಅಂಕಿ ಎರಡರಲ್ಲೂ ಒಂದೇ. ಕೆಳಗಿನ ಅಂಕಿಯನ್ನು ಎರಡರಿಂದ ಗುಣಿಸಿ ಮೇಲಿನದನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಸರಾಸರಿ ಒತ್ತಡ ಸಿಗುತ್ತದೆ: ಮೊದಲನೆಯವರಿಗೆ 72, ಎರಡನೆಯವರಿಗೆ 56. ಸೆಪ್ಸಿಸ್‌ನಲ್ಲಿ ಇದನ್ನು 65ಕ್ಕಿಂತ ಕೆಳಗೆ ಬಿಡಬಾರದು. ಅಗಲವಾದ ಅಂತರ, ಬೆಚ್ಚಗಿನ ಕೈ, ಜಿಗಿಯುವ ನಾಡಿ ಸಡಿಲಗೊಂಡ ನಾಳಗಳ ಗುರುತು. ಆರಂಭದಲ್ಲಿ ಹೃದಯ ಹೆಚ್ಚೇ ದುಡಿಯುತ್ತಿರುತ್ತದೆ. ಬ್ಲಡ್ ಕಲ್ಚರ್ ಮಾದರಿ ತೆಗೆದು ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡುವುದು, ಲ್ಯಾಕ್ಟೇಟ್ ಪರೀಕ್ಷೆಗೆ ಕಳಿಸುವುದು, ಆದೇಶದಂತೆ ಸಲೈನ್ ಹರಿಸುವುದು, ಗಂಟೆಗಂಟೆಗೆ ಮೂತ್ರದ ಪ್ರಮಾಣ ಬರೆದಿಡುವುದು ನರ್ಸ್ ಮೊದಲು ಕೈಹಚ್ಚುವ ಕೆಲಸಗಳು. ಕಲ್ಚರ್ ತಡವಾಗುತ್ತದೆಂದು ಔಷಧ ನಿಲ್ಲಿಸಬಾರದು.

ಇದೇ ಗುಂಪಿನ ಅನಾಫಿಲಾಕ್ಸಿಸ್‌ಗೆ ಅಷ್ಟೂ ಸಮಯವಿಲ್ಲ. ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷದಲ್ಲಿ ಮೈಯೆಲ್ಲ ದದ್ದು, ಉಬ್ಬಸ, ಬೀಳುವ ಬಿಪಿ. ಔಷಧದ ಹರಿವು ನಿಲ್ಲಿಸಿ, ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು. ವಯಸ್ಕರಿಗೆ 0.5 ಮಿಲಿಗ್ರಾಂ, ಗುಣವಾಗದಿದ್ದರೆ 5 ನಿಮಿಷ ಬಿಟ್ಟು ಮತ್ತೆ. ಏವಿಲ್, ಸ್ಟಿರಾಯ್ಡ್‌ಗಳಿಗಾಗಿ ತಡಕಾಡುತ್ತ ಇದನ್ನು ಹಿಂದಕ್ಕೆ ತಳ್ಳುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ರೋಗಿಯನ್ನು ಎದ್ದು ನಿಲ್ಲಿಸಲೂಬಾರದು, ತಕ್ಷಣ ಹೃದಯ ನಿಂತುಬಿಡಬಹುದು. ಬೆನ್ನುಹುರಿಯ ಪೆಟ್ಟಿನಿಂದ ಬರುವ ನ್ಯೂರೋಜೆನಿಕ್ ಶಾಕಿನಲ್ಲಿ ಮಾತ್ರ ಬಿಪಿ ಬಿದ್ದರೂ ನಾಡಿ ನಿಧಾನವಾಗಿರುತ್ತದೆ, ಚರ್ಮ ಬೆಚ್ಚಗೆ ಒಣಗಿರುತ್ತದೆ. ಕುತ್ತಿಗೆ ಅಲುಗದಂತೆ ಹಿಡಿಯುವುದೇ ಅಲ್ಲಿ ಮೊದಲ ಕೆಲಸ.

ಅಬ್‌ಸ್ಟ್ರಕ್ಟಿವ್ ಶಾಕ್ ಮೇಲ್ನೋಟಕ್ಕೆ ಕಾರ್ಡಿಯೋಜೆನಿಕ್‌ನಂತೆಯೇ: ತಣ್ಣನೆ ಕೈ, ಉಬ್ಬಿದ ಕುತ್ತಿಗೆ ನಾಳ. ಆದರೆ ಶ್ವಾಸಕೋಶದಲ್ಲಿ ನೀರಿನ ಸದ್ದಿಲ್ಲ. ಎದೆಯ ಒಂದು ಬದಿಯಲ್ಲಿ ಉಸಿರಾಟದ ಸದ್ದೇ ಇಲ್ಲದಿದ್ದರೆ ಅಲ್ಲಿ ಗಾಳಿ ಸೇರಿ ಹೃದಯವನ್ನು ಒತ್ತುತ್ತಿರಬಹುದು. ಎಕ್ಸ್‌ರೇಗೆ ಕಳಿಸದೆ ವೈದ್ಯರನ್ನು ಕರೆದು, ಸೂಜಿ ಮತ್ತು ಚೆಸ್ಟ್ ಟ್ಯೂಬ್ ಸಿದ್ಧವಿಡಬೇಕು. ಎರಡೂ ಬದಿ ಸರಿಯಿದ್ದು ಹೃದಯದ ಬಡಿತ ಮಂದವಾಗಿ ಕೇಳಿದರೆ ಹೃದಯದ ಸುತ್ತ ದ್ರವ ತುಂಬಿರುವ ಶಂಕೆ.

ಪಟ್ಟಿ ಕೈಕೊಡುವ ಸಂದರ್ಭಗಳೂ ಇವೆ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತಿನ್ನುವವರ ನಾಡಿ ರಕ್ತ ಸುರಿದರೂ ಏರದೆ ಇರಬಹುದು. ಸೆಪ್ಸಿಸ್ ಮುಂದುವರಿದಾಗ ಬೆಚ್ಚಗಿದ್ದ ಕೈ ತಣ್ಣಗಾಗುತ್ತದೆ. ಡೆಂಗಿಯಲ್ಲಿ ಮೂಲ ಸೋಂಕೇ ಆದರೂ ಪ್ಲಾಸ್ಮಾ ನಾಳದಿಂದ ಹೊರಗೆ ಸೋರುವುದರಿಂದ ಚಿತ್ರ ಹೈಪೋವೊಲೆಮಿಕ್‌ನದು. ಜ್ವರ ಇಳಿಯುವ ಹೊತ್ತಿಗೇ ಇದು ಬರುವುದರಿಂದ ಮನೆಯವರು ಗುಣವಾಯಿತೆಂದು ನಿರಾಳರಾಗಿರುತ್ತಾರೆ. ಬಿಪಿ 100/80 ಇದ್ದರೂ ಅಂತರ 20ಕ್ಕೆ ಇಳಿದಿದ್ದರೆ ಅದು ಆಗಲೇ ಡೆಂಗಿ ಶಾಕ್. ಪ್ಲೇಟ್‌ಲೆಟ್ ಸಂಖ್ಯೆಯನ್ನಲ್ಲ, ಏರುತ್ತಿರುವ ಹೆಮಟೊಕ್ರಿಟ್ ಅನ್ನು ನೋಡಿ ಡ್ರಿಪ್‌ನ ವೇಗ ನಿರ್ಧರಿಸಲಾಗುತ್ತದೆ.