ಇಸ್ತ್ರಿ ಕಲೆ: ಸುಟ್ಟದ್ದು ಬಟ್ಟೆಯೋ, ಗಂಜಿಯೋ?

ಗಂಜಿ ಹಾಕಿದ ಬಿಳಿ ಪಂಚೆಯ ಮೇಲೆ ಕಾದ ಇಸ್ತ್ರಿ ಪೆಟ್ಟಿಗೆ ಒಂದಿಷ್ಟು ಹೊತ್ತು ಹೆಚ್ಚು ನಿಂತರೆ ಸಾಕು, ಅದರ ಮೂತಿಯ ಆಕಾರದಲ್ಲೇ ಹಳದಿ ಮಚ್ಚೆ ಮೂಡುತ್ತದೆ. ಆ ಗಾಬರಿಯಲ್ಲಿ ನಿಂಬೆರಸ, ವಿನೆಗರ್, ಬ್ಲೀಚ್ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಸುರಿಯುವವರುಂಟು. ಹಾಗೆ ಸುರಿಯುವ ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಬೇಕು: ಅಲ್ಲಿ ಸುಟ್ಟಿರುವುದು ಯಾವುದು? ಗಂಜಿಯಷ್ಟೇ ಸುಟ್ಟಿರಬಹುದು. ಹತ್ತಿಯ ನೂಲಿನ ಮೇಲ್ಮೈ ಮಾತ್ರ ಸುಟ್ಟಿರಬಹುದು. ನೂಲು ಒಳಗಿನವರೆಗೂ ಸುಟ್ಟಿರಲೂಬಹುದು. ಮೂರೂ ನೋಡಲು ಹೆಚ್ಚುಕಡಿಮೆ ಒಂದೇ ಬಣ್ಣ. ಆದರೆ ಮೊದಲನೆಯದು ನೀರಿನಲ್ಲೇ ಹೋಗುತ್ತದೆ, ಎರಡನೆಯದಕ್ಕೆ ಔಷಧ ಬೇಕು, ಮೂರನೆಯದಕ್ಕೆ ಔಷಧವಿಲ್ಲ.

ಮೊದಲು ಗಂಜಿಯನ್ನೇ ಅನುಮಾನಿಸಿ. ಗಂಜಿ ಬಟ್ಟೆಯ ಮೇಲೆ ತೆಳುವಾದ ಪದರವಾಗಿ ಕೂತಿರುವುದರಿಂದ ಇಸ್ತ್ರಿಯ ಬಿಸಿ ಮೊದಲು ತಾಗುವುದು ಅದಕ್ಕೇ. ಗಂಜಿ ಗಟ್ಟಿಯಾಗಿದ್ದಷ್ಟೂ, ಅಥವಾ ಸರಿಯಾಗಿ ಕಲಕದೆ ಗಂಟು ಉಳಿದಿದ್ದರೆ, ಕಲೆ ಬೇಗ ಬೀಳುತ್ತದೆ. ಮಚ್ಚೆಯ ಮೇಲೆ ಉಗುರುಬೆಚ್ಚಗಿನ ನೀರು ಹಾಕಿ ಐದು ನಿಮಿಷ ಬಿಟ್ಟು ಬೆರಳಿನಿಂದ ಉಜ್ಜಿ. ಬೆರಳಿಗೆ ಲೋಳೆಲೋಳೆಯಾಗಿ ಏನೋ ತಾಗಿ, ಹಳದಿ ಬಣ್ಣವೂ ಅದರ ಜೊತೆಗೇ ತೆಳುವಾದರೆ ಸುಟ್ಟದ್ದು ಗಂಜಿ. ಪಂಚೆಯನ್ನು ಅದೇ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಪುಡಿಯೊಂದಿಗೆ ಅರ್ಧ ಗಂಟೆ ನೆನೆಸಿ, ಒಗೆದು, ಚೆನ್ನಾಗಿ ಜಾಲಾಡಿಸಿದರೆ ಕೆಲಸ ಮುಗಿಯಿತು. ಎಷ್ಟೋ ಪಂಚೆ, ಹತ್ತಿ ಸೀರೆಗಳು ಇಷ್ಟರಲ್ಲೇ ಉಳಿಯುತ್ತವೆ. ಅವುಗಳ ಮೇಲೆ ಬ್ಲೀಚ್ ಸುರಿಯುವುದು ಸುಮ್ಮನೆ ನೂಲಿಗೆ ಕೊಡುವ ಶಿಕ್ಷೆ.

ಒಗೆದ ಮೇಲೂ ಹಳದಿ ಉಳಿದಿದ್ದರೆ ನೂಲಿಗೇ ಬಿಸಿ ತಾಗಿದೆ ಎಂದರ್ಥ. ಈಗ ಅದು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಬೇಕು. ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿ. ಅಲ್ಲಿ ಕಲೆ ಕಾಣದೆ, ಮುಂಬದಿಯಲ್ಲಿ ತಿಳಿ ಹಳದಿ ಅಥವಾ ತೆಳು ಚಹಾದ ಬಣ್ಣವಷ್ಟೇ ಇದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಎರಡೂ ಬದಿಯಲ್ಲಿ ಗಾಢ ಕಂದು ಇದ್ದರೆ, ಕಲೆಯ ಎರಡು ಬದಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಎಳೆ ಪಟಪಟ ಹರಿದರೆ, ಉಗುರಿನಿಂದ ಕೆರೆದಾಗ ಪುಡಿ ಉದುರಿದರೆ, ಅಲ್ಲಿ ಹತ್ತಿ ಸತ್ತುಹೋಗಿದೆ. ಅದನ್ನು ಬಿಳುಪಾಗಿಸಲು ಹೋದರೆ ಕಲೆಯ ಜಾಗದಲ್ಲಿ ತೂತು ಸಿಗುತ್ತದೆ, ಅಷ್ಟೇ.

ಹತ್ತಿಯ ನಾರು ಸೆಲ್ಯುಲೋಸ್ ಎಂಬ ವಸ್ತುವಿನಿಂದ ಆದದ್ದು. ಮಿತಿಮೀರಿ ಕಾದಾಗ ಅದು ಒಳಗಿನ ನೀರಿನಂಶ ಕಳೆದುಕೊಂಡು, ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಬಣ್ಣದ ಬೇರೆ ವಸ್ತುಗಳಾಗಿ ಬದಲಾಗುತ್ತದೆ. ನಮಗೆ ಕಾಣುವ ಹಳದಿ ಅದೇ. ಈ ಬಣ್ಣವನ್ನು ಒಡೆದುಹಾಕುವ ಕೆಲಸಕ್ಕೆ ಮನೆಮಟ್ಟದಲ್ಲಿ ನಾನು ನಂಬುವುದು ಹೈಡ್ರೋಜನ್ ಪೆರಾಕ್ಸೈಡನ್ನು. ಔಷಧದಂಗಡಿಯಲ್ಲಿ ಗಾಯ ತೊಳೆಯಲು ಕೊಡುವ ದ್ರಾವಣವೇ ಸಾಕು. ಅದು ಸಾಮಾನ್ಯವಾಗಿ ಶೇ. 6ರ ಪ್ರಬಲತೆಯದು. ಬಾಟಲಿಯ ಮೇಲೆ ನೋಡಿಕೊಂಡು, ಅಷ್ಟೇ ಅಳತೆಯ ತಣ್ಣೀರು ಬೆರೆಸಿದರೆ ಶೇ. 3 ಆಗುತ್ತದೆ. ಇದಕ್ಕಿಂತ ಖಾರವಾದದ್ದು ಬೇಡ.

ಪಂಚೆಯ ಕಲೆ ಅಂಗೈಯಗಲ ಇದೆ ಎಂದಿಟ್ಟುಕೊಳ್ಳಿ. ಎರಡು ದೊಡ್ಡ ಚಮಚ ಪೆರಾಕ್ಸೈಡಿಗೆ ಎರಡು ಚಮಚ ನೀರು, ಮೇಲೊಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಸೋಡಾದ ಕ್ಷಾರದಿಂದ ಪೆರಾಕ್ಸೈಡ್ ಚುರುಕಾಗುತ್ತದೆ. ಬೆರೆಸಿದ್ದನ್ನು ಆಗಲೇ ಬಳಸಿ. ಮುಚ್ಚಿಡಬಾರದು, ಗಾಳಿ ತುಂಬಿ ಬಾಟಲಿ ಉಬ್ಬುತ್ತದೆ. ಕೈಗವಸು ಹಾಕಿಕೊಂಡು, ಒದ್ದೆ ಬಟ್ಟೆಯ ಕಲೆಯ ಮೇಲೆ ಇದನ್ನು ಸವರಿ, ಇದರಲ್ಲೇ ಅದ್ದಿದ ಬಿಳಿ ಅರಿವೆಯ ತುಂಡನ್ನು ಮೇಲೆ ಹಾಸಿ ಅರ್ಧ ಗಂಟೆ ಬಿಡಿ. ಬಿಳಿ ಬಟ್ಟೆಯಾದರೆ ಬಿಸಿಲಿಗಿಟ್ಟರೆ ಇನ್ನೂ ಒಳ್ಳೆಯದು. ಆದರೆ ಒಣಗಲು ಬಿಡಬೇಡಿ, ಆಗಾಗ ಮತ್ತೆ ಸವರುತ್ತಿರಿ. ಬಣ್ಣ ತಿಳಿಯಾಗುತ್ತಿದ್ದರೆ ಇನ್ನೊಂದು ಸಲ ಮಾಡಬಹುದು. ಎರಡನೆಯ ಸಲವೂ ಏನೂ ಬದಲಾಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಕೊನೆಗೆ ಎರಡು ಮೂರು ನೀರಿನಲ್ಲಿ ಜಾಲಾಡಿಸಿ ಒಣಗಿಸಿ. ಕಲೆ ಪೂರ್ತಿ ಹೋಗಿದೆ ಎಂದು ಕಣ್ಣಿಗೆ ಖಚಿತವಾಗುವವರೆಗೆ ಆ ಜಾಗಕ್ಕೆ ಮತ್ತೆ ಇಸ್ತ್ರಿ ತಾಗಿಸಬಾರದು.

ಪಂಚೆಯ ಅಂಚಿನಲ್ಲಿ ಜರಿ ಇದ್ದರೆ ಮಾತ್ರ ಪೆರಾಕ್ಸೈಡ್ ಅದರ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಅಗ್ಗದ ಜರಿಯಲ್ಲಿ ತಾಮ್ರದ ತಂತಿ ಇರುತ್ತದೆ. ತಾಮ್ರ, ಕಬ್ಬಿಣ ಮುಂತಾದ ಲೋಹ ತಾಗಿದರೆ ಪೆರಾಕ್ಸೈಡ್ ಒಮ್ಮೆಲೇ ಕೆರಳಿ, ಪಕ್ಕದ ಹತ್ತಿಯ ನೂಲನ್ನೂ ತಿಂದುಹಾಕಬಹುದು. ತುಕ್ಕಿನ ಕಲೆಗೂ ಇದೇ ಎಚ್ಚರ. ಬಣ್ಣದ ಬಟ್ಟೆಯಾದರೆ ಒಳಗಿನ ಮಡಿಕೆಯ ಮೇಲೆ ಒಂದು ಹನಿ ಹಾಕಿ, ಅರ್ಧ ಗಂಟೆ ಬಿಟ್ಟು, ಬಣ್ಣ ಬಿಡುತ್ತದೆಯೇ ನೋಡಿಕೊಂಡೇ ಮುಂದುವರಿಯಿರಿ. ಕ್ಲೋರಿನ್ ಬ್ಲೀಚನ್ನು ವಿನೆಗರ್, ನಿಂಬೆರಸ ಅಥವಾ ಪೆರಾಕ್ಸೈಡಿನ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ. ಹುಳಿಯೊಂದಿಗೆ ಸೇರಿದ ಬ್ಲೀಚ್ ವಿಷಗಾಳಿ ಬಿಡುತ್ತದೆ.

ಸಿಂಥೆಟಿಕ್ ಬಟ್ಟೆಯ ಕಥೆಯೇ ಬೇರೆ. ಪಾಲಿಯೆಸ್ಟರ್, ನೈಲಾನ್ ಹತ್ತಿಯ ಹಾಗೆ ಹಳದಿಯಾಗುವ ಮೊದಲೇ ಮೆತ್ತಗಾಗುತ್ತವೆ. ಬಟ್ಟೆಯ ಲೇಬಲ್ಲಿನ ಇಸ್ತ್ರಿ ಚಿತ್ರದೊಳಗೆ ಒಂದು ಚುಕ್ಕೆ ಇದ್ದರೆ ಕಡಿಮೆ ಬಿಸಿ, ಎರಡಿದ್ದರೆ ಮಧ್ಯಮ, ಮೂರಿದ್ದರೆ ಹೆಚ್ಚಿನ ಬಿಸಿಯ ಮಿತಿ. ಹತ್ತಿಗೆ ಮೂರು ಚುಕ್ಕೆ ನಡೆಯುತ್ತದೆ, ಪಾಲಿಯೆಸ್ಟರಿಗೆ ಸಾಮಾನ್ಯವಾಗಿ ಎರಡೇ, ನೈಲಾನಿಗೆ ಒಂದೇ. ಹತ್ತಿ ಪಂಚೆ ಮುಗಿಸಿ ಅದೇ ಬಿಸಿಯಲ್ಲಿ ಮಗನ ಟೆರಿಕಾಟ್ ಸಮವಸ್ತ್ರಕ್ಕೆ ಕೈ ಹಾಕಿದಾಗಲೇ ಹೆಚ್ಚಿನ ಅನಾಹುತ ಆಗುವುದು. ನೀಲಿ ಚಡ್ಡಿಯ ಮೇಲೆ ಮಿಣಮಿಣ ಹೊಳಪು ಬೀಳುತ್ತದೆ. ಗುಂಡಗಿದ್ದ ಎಳೆಗಳು ಬಿಸಿಗೆ ಚಪ್ಪಟೆಯಾಗಿ, ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುತ್ತಿವೆ. ಇಲ್ಲಿ ಬಣ್ಣದ ಕಲೆಯೇ ಇಲ್ಲದಿರುವುದರಿಂದ ಪೆರಾಕ್ಸೈಡ್, ಬ್ಲೀಚ್ ಎರಡೂ ವ್ಯರ್ಥ.

ಈ ಹೊಳಪಿಗೆ ಆವಿಯೇ ಮದ್ದು. ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ, ಅದರಲ್ಲಿ ಬಿಳಿ ಹತ್ತಿ ಅರಿವೆ ಅದ್ದಿ ಹಿಂಡಿ, ಹೊಳಪಿನ ಮೇಲೆ ಹಾಸಿ. ಇಸ್ತ್ರಿಯನ್ನು ಎರಡು ಚುಕ್ಕೆಯಷ್ಟೇ ಬಿಸಿಯಲ್ಲಿ, ಒತ್ತದೆ, ಆವಿ ಏಳುವಷ್ಟು ಹೊತ್ತು ಮಾತ್ರ ತಾಗಿಸಿ ಎತ್ತಿ. ಬಟ್ಟೆ ಇನ್ನೂ ಬೆಚ್ಚಗಿರುವಾಗಲೇ ಮೆತ್ತನೆಯ ಬ್ರಷ್ಷಿನಿಂದ ಹಗುರಾಗಿ ಉಜ್ಜಿದರೆ ಎಳೆ ಸ್ವಲ್ಪ ಎದ್ದು ನಿಂತು ಹೊಳಪು ತಗ್ಗುತ್ತದೆ. ತಗ್ಗುತ್ತದೆ ಎಂದೆ, ಪೂರ್ತಿ ಹೋಗುವುದು ಅಪರೂಪ. ಮುಟ್ಟಿದಾಗ ಆ ಜಾಗ ಗಟ್ಟಿಯಾಗಿ, ಪ್ಲಾಸ್ಟಿಕ್ಕಿನಂತೆ ಒರಟಾಗಿದ್ದರೆ ಎಳೆ ಕರಗಿ ಒಂದಕ್ಕೊಂದು ಅಂಟಿಕೊಂಡಿದೆ. ಅದನ್ನು ಬಿಡಿಸುವ ದ್ರಾವಣ ಯಾವುದೂ ಇಲ್ಲ. ತೇಪೆಯೊಂದೇ ದಾರಿ.

ಹೀಗೆ ಕರಗಿದ ಪಾಲಿಯೆಸ್ಟರ್ ಇಸ್ತ್ರಿ ಪೆಟ್ಟಿಗೆಯ ತಳಕ್ಕೂ ಮೆತ್ತಿಕೊಂಡಿರುತ್ತದೆ. ಮುಂದಿನ ಸಲ ಕಾದಾಗ ಕಂದು ಗೆರೆಗಳಾಗಿ ಬಿಳಿ ಅಂಗಿಗೆ ಬಳಿಯುವುದು ಅದೇ. ಪೆಟ್ಟಿಗೆ ಪೂರ್ತಿ ತಣ್ಣಗಾದ ಮೇಲೆ, ಪ್ಲಗ್ ಕಿತ್ತು, ಅಡುಗೆ ಸೋಡಾಕ್ಕೆ ತುಸು ನೀರು ಹಾಕಿ ಕಲಸಿದ ಮುದ್ದೆಯಿಂದ ತಳವನ್ನು ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನಂತರ ಕಾಯಿಸಿ, ಹಳೆಯ ಬಿಳಿ ಅರಿವೆಯ ಮೇಲೆ ಎರಡು ಸಲ ಓಡಿಸಿ ನೋಡಿ. ಅರಿವೆ ಬೆಳ್ಳಗೇ ಉಳಿದರೆ ಪಂಚೆಯನ್ನು ಹಾಸಬಹುದು.