ಮಂಚದಷ್ಟೇ ಹಾಸಿಗೆ, ಅಡಿಗೆಷ್ಟು?

ತೇಗದ ಹಳೆಯ ಮಂಚಗಳನ್ನು ಬಡಗಿಗಳು ಕೋಣೆಗೆ ಹೊಂದುವಂತೆ ಮಾಡಿಕೊಟ್ಟಿರುತ್ತಾರೆ. ಕಾರ್ಖಾನೆಯ ಹಾಸಿಗೆಗಳಿಗಾದರೆ ಗೊತ್ತಾದ ಅಳತೆಗಳಿವೆ: ಉದ್ದ 72, 75 ಅಥವಾ 78 ಇಂಚು, ಅಗಲ ಹೆಚ್ಚಾಗಿ 36, 48, 60 ಅಥವಾ 72. ಮಂಚದ ಒಳ ಅಗಲ 56 ಇಂಚು ಬಂತೆಂದರೆ ಇವುಗಳಲ್ಲಿ ಯಾವುದೂ ಕೂಡುವುದಿಲ್ಲ. 48ರದ್ದು ಹಾಕಿದರೆ ಎಂಟು ಇಂಚು ಖಾಲಿ ಉಳಿಯುತ್ತದೆ, 60ರದ್ದನ್ನು ತುರುಕಿದರೆ ನಡುವೆ ಉಬ್ಬುತ್ತದೆ. ಹೇಳಿ ಮಾಡಿಸುವುದೊಂದೇ ದಾರಿ.

ಆಗ ಅಂಗಡಿಯವರು ಚದರ ಅಡಿಯ ದರ ಹೇಳುತ್ತಾರೆ. ಕೇಳಬೇಕಾದ್ದು ಆ ದರ ಯಾವ ಅಳತೆಗೆ ಎಂದು.

ಇಂಚಿನಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 144ರಿಂದ ಭಾಗಿಸಿದರೆ ಚದರ ಅಡಿ ಸಿಗುತ್ತದೆ. 72 ಇಂಚು ಉದ್ದ, 60 ಇಂಚು ಅಗಲದ ರೆಡಿಮೇಡ್ ಹಾಸಿಗೆ 30 ಚದರ ಅಡಿ. ಅದರ ಬೆಲೆ 12,000 ರೂಪಾಯಿ ಎಂದಿಟ್ಟುಕೊಂಡರೆ ಅಡಿಗೆ 400 ಬಿತ್ತು. ಅದೇ ಉದ್ದಕ್ಕೆ 56 ಇಂಚು ಅಗಲದ್ದು 28 ಚದರ ಅಡಿ. ಮಾಡಿಸುವುದಕ್ಕೆ ಶೇ 10 ಹೆಚ್ಚು, ಅಂದರೆ ಅಡಿಗೆ 440 ಎಂದು ಎರಡು ಅಂಗಡಿಗಳು ಹೇಳಿದವು ಎನ್ನೋಣ. ಒಂದು ನಿಜವಾದ 28 ಅಡಿಗೆ ಲೆಕ್ಕ ಹಾಕಿ 12,320 ಕೇಳುತ್ತದೆ. ಇನ್ನೊಂದು, ಮುಂದಿನ ದೊಡ್ಡ ಅಳತೆಯಾದ 30 ಅಡಿಗೆ ಲೆಕ್ಕ ಹಾಕಿ 13,200 ಕೇಳುತ್ತದೆ. ದರ ಒಂದೇ, ಬಿಲ್ಲಿನಲ್ಲಿ 880 ರೂಪಾಯಿ ಅಂತರ. ಎರಡನೆಯ ಅಂಗಡಿಯಲ್ಲಿ ಮನೆಗೆ ಬರುವ ಪ್ರತಿ ಅಡಿಗೆ ಬಿದ್ದದ್ದು 471.

ಎರಡನೆಯವರದ್ದು ಮೋಸವೆನ್ನಲಾಗದು. ಫೋಮಿನ ದೊಡ್ಡ ಹಾಳೆಯಿಂದ 56 ಇಂಚು ಕತ್ತರಿಸಿದರೆ ಉಳಿಯುವ ನಾಲ್ಕು ಇಂಚಿನ ಪಟ್ಟಿ ಇನ್ನೊಂದು ಹಾಸಿಗೆಗೆ ಬಾರದು. ಹೊದಿಕೆಯನ್ನು ಬೇರೆಯಾಗಿಯೇ ಕತ್ತರಿಸಿ ಹೊಲಿಯಬೇಕು. ಸ್ಪ್ರಿಂಗ್ ಹಾಸಿಗೆಯನ್ನಂತೂ ಆಮೇಲೆ ಕತ್ತರಿಸುವಂತಿಲ್ಲ; ಸ್ಪ್ರಿಂಗಿನ ಸಾಲುಗಳನ್ನೇ ಅಳತೆಗೆ ತಕ್ಕಂತೆ ಜೋಡಿಸಬೇಕು. ಗಿರಾಕಿ ಬೇಡವೆಂದರೆ ಮತ್ತೊಬ್ಬರಿಗೆ ಮಾರುವುದೂ ಕಷ್ಟ. ಮಾಡಿಸಿದ ಹಾಸಿಗೆಯನ್ನು ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳದಿರುವುದು ಇದಕ್ಕೇ.

ಹೋಲಿಸುವಾಗ ದಪ್ಪವೂ ಒಂದೇ ಇರಬೇಕು. ಆರು ಇಂಚಿನ ರೆಡಿಮೇಡ್ ಹಾಸಿಗೆಯ ಪಕ್ಕದಲ್ಲಿ ಐದು ಇಂಚಿನದ್ದನ್ನು ಇಟ್ಟರೆ ಚದರ ಅಡಿಯ ದರ ಅಗ್ಗವಾಗಿ ಕಾಣುವುದು ಸಹಜ. ಒಳಗಿನ ಫೋಮಿನ ಸಾಂದ್ರತೆಗೂ ಇದೇ ಮಾತು.

ಅಳತೆ ತೆಗೆಯುವುದು ಹಳೆಯ ಹಾಸಿಗೆಯದ್ದಲ್ಲ, ಮಂಚದ ಚೌಕಟ್ಟಿನ ಒಳಭಾಗದ್ದು. ಹಳೆಯ ಮಂಚ ಒಂದು ಕಡೆ ಸ್ವಲ್ಪ ಓರೆಯಾಗಿರಬಹುದಾದ್ದರಿಂದ ತಲೆ, ನಡು, ಕಾಲು ಮೂರೂ ಕಡೆ ಟೇಪು ಹಿಡಿದು, ಕಡಿಮೆ ಬಂದದ್ದನ್ನು ಬರೆದುಕೊಳ್ಳಬೇಕು. ಬೆಡ್‌ಶೀಟ್ ಸಿಕ್ಕಿಸಲು ಅರ್ಧ ಇಂಚು ಬಿಡುವುದು ಒಳ್ಳೆಯದು. ಮುಂಗಡ ಕೊಡುವ ಮೊದಲು ಉದ್ದ, ಅಗಲ, ದಪ್ಪ, ಎಷ್ಟು ಚದರ ಅಡಿಗೆ ಬಿಲ್ಲು, ತೆರಿಗೆ ಸೇರಿದೆಯೇ ಎಂಬುದನ್ನೆಲ್ಲ ರಸೀದಿಯಲ್ಲೇ ಬರೆಸಿಕೊಂಡರೆ, ಹಾಸಿಗೆ ಮನೆಗೆ ಬಂದ ದಿನ ಟೇಪು ಹಿಡಿದು ತಾಳೆ ನೋಡಬಹುದು.