ಡಾಲರ್ ಏರಿದರೆ ಕೊಟೇಶನ್ ಎಷ್ಟು ಏರಬೇಕು?

2013ರ ಮೇ ಆರಂಭದಲ್ಲಿ ಒಂದು ಡಾಲರಿಗೆ 54 ರೂಪಾಯಿಯ ಆಸುಪಾಸಿನಲ್ಲಿದ್ದ ದರ ಆಗಸ್ಟ್ ಕೊನೆಯ ಹೊತ್ತಿಗೆ 68 ದಾಟಿತ್ತು. ಮೇ ತಿಂಗಳಲ್ಲಿ ಕೊಟೇಶನ್ ಕೊಟ್ಟು, ಸೆಪ್ಟೆಂಬರಿನಲ್ಲಿ ಹೊರದೇಶಕ್ಕೆ ಹಣ ಕಟ್ಟಬೇಕಿದ್ದ ಆಮದುದಾರನ ಮುಂದೆ ಎರಡೇ ದಾರಿ: ನಷ್ಟ ನುಂಗುವುದು, ಇಲ್ಲವೇ ಗ್ರಾಹಕನಿಗೆ ಫೋನ್ ಮಾಡಿ "ಡಾಲರ್ ಜಾಸ್ತಿಯಾಯ್ತು ಸಾರ್" ಅನ್ನುವುದು. ಎಷ್ಟು ಜಾಸ್ತಿ, ಅದಕ್ಕೆ ನಾನೆಷ್ಟು ಕೊಡಬೇಕು ಎಂದು ಗ್ರಾಹಕ ಕೇಳಿದರೆ ಉತ್ತರ ಕೊಟೇಶನ್ನಿನಲ್ಲೇ ಇರಬೇಕು. ಆಮೇಲೆ ಹುಡುಕಿದ ಉತ್ತರವನ್ನು ಯಾರೂ ನಂಬುವುದಿಲ್ಲ.

ಪೀಣ್ಯದ ಒಬ್ಬ ವರ್ಕ್‌ಶಾಪ್ ಮಾಲೀಕರಿಗೆ ತೈವಾನಿನ ಸಿಎನ್‌ಸಿ ಯಂತ್ರವನ್ನು ಡೀಲರ್ 20 ಲಕ್ಷಕ್ಕೆ ಕೋಟ್ ಮಾಡಿದ್ದಾರೆ ಎಂದುಕೊಳ್ಳೋಣ. ಜಿಎಸ್‌ಟಿ ಬೇರೆ. ಯಂತ್ರದ ಬೆಲೆ 15,000 ಡಾಲರ್. 84 ರೂಪಾಯಿ ದರದಲ್ಲಿ 12,60,000. ಹಡಗು ಬಾಡಿಗೆ, ಕಸ್ಟಮ್ಸ್ ಸುಂಕ ಸೇರಿ 1,40,000. ಸುಂಕವನ್ನು ರೂಪಾಯಿಯಲ್ಲೇ ಕಟ್ಟಿದರೂ ಅದನ್ನು ಲೆಕ್ಕ ಹಾಕುವುದು ಡಾಲರ್ ಬೆಲೆಯ ಮೇಲೆ. ಹಾಗಾಗಿ ಡಾಲರ್ ಏರಿದರೆ ಸುಂಕವೂ ಏರುತ್ತದೆ. ಇದನ್ನು ಮರೆಯುವವರೇ ಹೆಚ್ಚು. ಉಳಿದ 6 ಲಕ್ಷ ಲಾರಿ, ಅಳವಡಿಕೆ, ಸರ್ವೀಸ್, ಡೀಲರರ ಲಾಭ. ಅದಕ್ಕೂ ಡಾಲರಿಗೂ ಸಂಬಂಧವಿಲ್ಲ. ಅಂದರೆ ವಿದೇಶಿ ಪಾಲು 20ರಲ್ಲಿ 14 ಲಕ್ಷ, 0.70.

ಸೂತ್ರ ಇಷ್ಟೇ:

ವ್ಯತ್ಯಾಸ = ಕೊಟೇಶನ್ ಬೆಲೆ × ವಿದೇಶಿ ಪಾಲು × (ಹೊಸ ದರ − ಮೂಲ ದರ) ÷ ಮೂಲ ದರ

ಡಾಲರ್ 84ರಿಂದ 88.20ಕ್ಕೆ ಹೋಯಿತು, ಶೇ. 5 ಏರಿಕೆ. ಇಡೀ ಬೆಲೆಗೆ ಶೇ. 5 ಹಾಕುವ ಡೀಲರ್ 1 ಲಕ್ಷ ಕೇಳುತ್ತಾರೆ. ಸೂತ್ರ ಹೇಳುವುದು 70,000. ನಡುವಿನ 30,000 ಡಾಲರಿನ ಹೆಸರಿನಲ್ಲಿ ತೆಗೆದ ಲಾಭ; ಗ್ರಾಹಕರ ಅನುಮಾನ ಹುಟ್ಟುವುದೇ ಇಲ್ಲಿ.

ಲೆಕ್ಕ ಇಲ್ಲಿಗೂ ಮುಗಿಯುವುದಿಲ್ಲ. ಗ್ರಾಹಕರು ಕೊಟ್ಟ ಅಡ್ವಾನ್ಸಿನಿಂದ ಡೀಲರ್ 84ರ ದರದಲ್ಲೇ 4,500 ಡಾಲರ್ ಕಳಿಸಿಬಿಟ್ಟಿದ್ದರೆ, ಆ 3,78,000 ರೂಪಾಯಿಗೆ ಇನ್ನು ಏರಿಳಿತದ ಭಯವಿಲ್ಲ. ಬಾಕಿ ಉಳಿದದ್ದು 10,22,000, ಅದರ ಶೇ. 5 ಅಂದರೆ 51,100. ಬ್ಯಾಂಕಿನಲ್ಲಿ ಫಾರ್ವರ್ಡ್ ಕಾಂಟ್ರಾಕ್ಟ್ ಮಾಡಿ ಮುಂದಿನ ದರವನ್ನು ಮೊದಲೇ ಕಟ್ಟಿಹಾಕಿದ್ದರೂ ಹಾಗೆಯೇ: ಕಟ್ಟಿಹಾಕಿದ ಮೊತ್ತಕ್ಕೆ ಆ ದರವೇ ಕೊನೆ, ಪೇಟೆ ಎಲ್ಲಿಗಾದರೂ ಹೋಗಲಿ.

ಸಣ್ಣಪುಟ್ಟ ಏರಿಳಿತಕ್ಕೆಲ್ಲ ಬಿಲ್ ತಿದ್ದುವುದು ಇಬ್ಬರಿಗೂ ಕಿರಿಕಿರಿ. ಅದಕ್ಕೇ ಶೇ. 2ರೊಳಗಿನ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಬರೆಯುವುದುಂಟು. ಆದರೆ ಗಡಿ ದಾಟಿದಾಗ ಪೂರ್ತಿ ಶೇ. 5 ಹಿಡಿಯಬೇಕೋ, ದಾಟಿದ ಶೇ. 3 ಮಾತ್ರವೋ? ಮೊದಲನೆಯದಾದರೆ 51,100, ಎರಡನೆಯದಾದರೆ 30,660. ನನ್ನ ಮತ ಎರಡನೆಯದಕ್ಕೆ. ಪೂರ್ತಿ ಹಿಡಿಯುವ ಪದ್ಧತಿಯಲ್ಲಿ ಶೇ. 1.9ಕ್ಕೆ ಏನೂ ಇಲ್ಲ, 2.1ಕ್ಕೆ ದಿಢೀರನೆ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು. ಆ ಗಡಿಯಲ್ಲೇ ಜಗಳ ಕಾದಿರುತ್ತದೆ.

ದರ ಎಲ್ಲಿಯದು ಎಂಬುದನ್ನೂ ಬರೆಯಬೇಕು. ಎಫ್‌ಬಿಐಎಲ್ ಸಂಸ್ಥೆ ಕೆಲಸದ ದಿನಗಳಲ್ಲಿ ಮಧ್ಯಾಹ್ನ ಪ್ರಕಟಿಸುವ ಉಲ್ಲೇಖ ದರ ಯಾರು ಬೇಕಾದರೂ ನೋಡಬಹುದಾದದ್ದು. ಬ್ಯಾಂಕು ಡಾಲರ್ ಮಾರುವ ದರ ಅದಕ್ಕಿಂತ ತುಸು ಮೇಲಿರುತ್ತದೆ. ಯಾವುದನ್ನಾದರೂ ಆರಿಸಲಿ, ಮೂಲ ದರ, ಹೊಸ ದರ ಎರಡೂ ಒಂದೇ ಕಡೆಯವಾಗಿರಲಿ. ಮೂಲಕ್ಕೆ ಉಲ್ಲೇಖ ದರ, ಹೊಸದಕ್ಕೆ ಬ್ಯಾಂಕ್ ದರ ಹಾಕಿದರೆ, ಡಾಲರ್ ಅಲುಗಾಡದಿದ್ದರೂ ಬೆಲೆ ಏರಿರುತ್ತದೆ.

ಇಷ್ಟನ್ನೂ ಕೊಟೇಶನ್ನಿನಲ್ಲಿ ಹೀಗೆ ಹೇಳಬಹುದು:

"ಮಾನ್ಯರೇ, ಈ ಬೆಲೆಯನ್ನು ಡಾಲರಿಗೆ ರೂ. 84.00ರಂತೆ (ಇಂದಿನ ಎಫ್‌ಬಿಐಎಲ್ ದರ) ಲೆಕ್ಕ ಹಾಕಿದ್ದೇವೆ. ಇದರಲ್ಲಿ ವಿದೇಶಿ ಪಾಲು ಶೇ. 70. ನಾವು ಉತ್ಪಾದಕರಿಗೆ ಬಾಕಿ ಕಟ್ಟುವ ದಿನದ ದರ ಶೇ. 2ಕ್ಕಿಂತ ಹೆಚ್ಚು ಬದಲಾದರೆ, ದಾಟಿದಷ್ಟಕ್ಕೆ ಮಾತ್ರ, ಆಗಲೇ ಪಾವತಿಯಾದ ಪಾಲನ್ನು ಬಿಟ್ಟು, ಮೇಲಿನ ಸೂತ್ರದಂತೆ ಬೆಲೆ ಏರುತ್ತದೆ ಅಥವಾ ಇಳಿಯುತ್ತದೆ. ಬ್ಯಾಂಕಿನ ಪಾವತಿ ಚೀಟಿ ಬಿಲ್ಲಿನ ಜೊತೆ ಇರುತ್ತದೆ."

"ಅಥವಾ ಇಳಿಯುತ್ತದೆ" ಎಂಬುದಿಲ್ಲದ ಷರತ್ತಿಗೆ ಗ್ರಾಹಕರು ಸಹಿ ಹಾಕಬಾರದು. ಬಿಲ್ ಆದ ಮೇಲೆ ಬೆಲೆ ಬದಲಾದರೆ ಜಿಎಸ್‌ಟಿಯೂ ಬದಲಾಗುವುದರಿಂದ, ಏರಿಕೆಗೆ ಡೆಬಿಟ್ ನೋಟ್, ಇಳಿಕೆಗೆ ಕ್ರೆಡಿಟ್ ನೋಟ್ ಬೇಕು.

ಇನ್ನು, ಯಂತ್ರ ಹೇಳಿದ ದಿನಕ್ಕೆ ಬಾರದೆ, ಆ ನಡುವೆ ಡಾಲರ್ ಏರಿದರೆ? ಸರ್ಕಾರಿ ಖರೀದಿಯ ಪದ್ಧತಿ ಇಲ್ಲಿ ಖಾಸಗಿಯವರಿಗೂ ಹೊಂದುತ್ತದೆ. ತಡ ಮಾರುವವರಿಂದಾದರೆ, ಒಪ್ಪಿದ ದಿನದ ಆಚೆಗಿನ ಏರಿಕೆ ಅವರದ್ದೇ. ಇಳಿಕೆಯಾದರೆ ಮಾತ್ರ ಅದು ಕೊಳ್ಳುವವರಿಗೆ ಸಲ್ಲುತ್ತದೆ.